ಸ್ಟೆಬಿಲೈಸ್ ಮಾಡಿದ ಮೇಲೂ ವಿಡಿಯೋ ಜೆಲ್ಲಿಯಂತೆ ಕುಲುಕುತ್ತಿದೆಯೇ? ಡ್ರೋನ್, ಫೋನ್ ವಿಡಿಯೋಗಳ ರೋಲಿಂಗ್ ಶಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೆಬಿಲೈಸ್ ಮಾಡುವ ಮೊದಲು ಇಷ್ಟು ಕೆಟ್ಟದಾಗಿ ಕಾಣುತ್ತಿರಲಿಲ್ಲ. ಸಾಫ್ಟ್‌ವೇರೇ ಹಾಳು ಮಾಡಿತೇ?

ಹೆಚ್ಚಿನ ಸಲ ಇಲ್ಲ. ಕುಲುಕಾಟ ಮೂಲ ವಿಡಿಯೋದಲ್ಲೇ ಇರುತ್ತದೆ. ಇಡೀ ಚಿತ್ರ ಅಲುಗುತ್ತಿದ್ದಾಗ ಅದು ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ.

ಫೋನ್, ಡ್ರೋನ್, ಆ್ಯಕ್ಷನ್ ಕ್ಯಾಮೆರಾಗಳ ಸೆನ್ಸರ್ ಒಂದು ಫ್ರೇಮನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಓದುತ್ತಾ ಕೆಳಗೆ ಬರುತ್ತದೆ. ಇದನ್ನೇ ರೋಲಿಂಗ್ ಶಟರ್ ಎನ್ನುತ್ತಾರೆ. 4ಕೆ ವಿಡಿಯೋದಲ್ಲಿ 2160 ಸಾಲುಗಳಿವೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ 20 ಮಿಲಿಸೆಕೆಂಡ್ ಕಳೆಯಿತೆಂದುಕೊಳ್ಳಿ. ಅಷ್ಟರಲ್ಲಿ ಕ್ಯಾಮೆರಾ ತಿರುಗಿದ್ದರೆ ಕೆಳಗಿನ ಸಾಲುಗಳು ಬೇರೆ ದಿಕ್ಕನ್ನು ನೋಡಿರುತ್ತವೆ. ಸೆಕೆಂಡಿಗೆ 60 ಡಿಗ್ರಿ ವೇಗದಲ್ಲಿ ಪ್ಯಾನ್ ಮಾಡಿದರೆ ಒಂದು ಫ್ರೇಮ್ ಓದುವಷ್ಟರಲ್ಲಿ ಕ್ಯಾಮೆರಾ 1.2 ಡಿಗ್ರಿ ತಿರುಗಿರುತ್ತದೆ. 3840 ಪಿಕ್ಸೆಲ್ ಅಗಲದಲ್ಲಿ ಸುಮಾರು 75 ಡಿಗ್ರಿ ನೋಡುವ ಲೆನ್ಸ್‌ನಲ್ಲಿ ಇದು 60 ಪಿಕ್ಸೆಲ್‌ನಷ್ಟು ವಾಲಿಕೆ. ನೆಟ್ಟಗಿರುವ ಕಂಬ ಓರೆಯಾಗಿ ಕಾಣುವುದು ಇದರಿಂದಲೇ.

ಸಾಮಾನ್ಯ ಸ್ಟೆಬಿಲೈಸರ್ ಇಡೀ ಫ್ರೇಮನ್ನು ಒಂದೇ ಹಲಗೆ ಎಂದುಕೊಂಡು ಸರಿಸುತ್ತದೆ, ತಿರುಗಿಸುತ್ತದೆ. ಫ್ರೇಮ್‌ನಿಂದ ಫ್ರೇಮ್‌ಗೆ ಇದ್ದ ಅಲುಗಾಟ ಹೋಗುತ್ತದೆ, ಫ್ರೇಮಿನ ಒಳಗಿನ ವಾಲಿಕೆ ಉಳಿಯುತ್ತದೆ. ಈ ವಾಲಿಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬದಲಾಗುತ್ತಾ ಹೋದಾಗ ನಿಂತ ಚಿತ್ರದ ಮೇಲೆ ಜೆಲ್ಲಿಯಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಸಾಲನ್ನೂ ಅದು ಓದಿದ ಕ್ಷಣಕ್ಕೆ ತಕ್ಕಂತೆ ಸರಿಪಡಿಸಬೇಕು. ಮುಂದಿನ ಉತ್ತರಗಳೆಲ್ಲ ಇದನ್ನು ಮಾಡುವ ಬಗೆಯ ಬಗ್ಗೆಯೇ.

"ಹೆಚ್ಚಿನ ಸಲ" ಎಂದಿರಿ. ಹಾಗಾದರೆ ಸಾಫ್ಟ್‌ವೇರೇ ಕುಲುಕಾಟ ಹುಟ್ಟಿಸುವುದೂ ಉಂಟೇ?

ಉಂಟು. ಪ್ರೀಮಿಯರ್ ಮತ್ತು ಆಫ್ಟರ್ ಎಫೆಕ್ಟ್ಸ್‌ನ `Warp Stabilizer`ನಲ್ಲಿ `Method` ಮೊದಲಿಗೆ `Subspace Warp` ಆಗಿರುತ್ತದೆ. ಇದು ಚಿತ್ರದ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆಯಾಗಿ ಎಳೆಯುತ್ತದೆ. ಹತ್ತಿರದ ಮರ ಒಂದು ವೇಗದಲ್ಲಿ, ದೂರದ ಗುಡ್ಡ ಇನ್ನೊಂದು ವೇಗದಲ್ಲಿ ಸರಿಯುವ ಶಾಟ್‌ಗಳಲ್ಲಿ ಇದರ ಲೆಕ್ಕ ತಪ್ಪಿ ಚಿತ್ರ ರಬ್ಬರಿನಂತೆ ಹಿಗ್ಗುತ್ತದೆ.

ಪತ್ತೆ ಮಾಡುವುದು ಸುಲಭ. ಎಫೆಕ್ಟ್ ಆಫ್ ಮಾಡಿ ಮೂಲ ಕ್ಲಿಪ್ಪನ್ನು ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತಾ ಒಂದು ಲೈಟ್ ಕಂಬವನ್ನೋ ಕಟ್ಟಡದ ಅಂಚನ್ನೋ ಗಮನಿಸಿ. ಮೂಲದಲ್ಲೇ ಅಂಚು ಓರೆಯಾಗುತ್ತಿದ್ದರೆ ಅಥವಾ ಅಲೆಯಂತೆ ಬಾಗುತ್ತಿದ್ದರೆ ಅದು ರೋಲಿಂಗ್ ಶಟರ್. ಮೂಲದಲ್ಲಿ ಅಂಚು ನೆಟ್ಟಗಿದ್ದು, ಸ್ಟೆಬಿಲೈಸ್ ಆದ ಮೇಲೆ ಮಾತ್ರ ಬಾಗುತ್ತಿದ್ದರೆ `Method` ಅನ್ನು `Position, Scale, Rotation`ಗೆ ಬದಲಿಸಿ. ಸ್ವಲ್ಪ ಅಲುಗಾಟ ಉಳಿಯಬಹುದು, ಆದರೆ ಗೋಡೆ ಗೋಡೆಯಂತೆ ಕಾಣುತ್ತದೆ.

ಮೂಲದಲ್ಲಿ ಕಂಡದ್ದು ವಾಲಿಕೆಯೋ ಅಲೆಯೋ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಇಡೀ ಕಂಬ ಒಂದೇ ಕಡೆ ಓರೆಯಾಗಿದ್ದರೆ ಕೈಯ ಅಲುಗಾಟ, ಪ್ಯಾನ್ ಅಥವಾ ಗಾಳಿಯ ಹೊಡೆತ ಕಾರಣ. ಒಂದೇ ಫ್ರೇಮಿನಲ್ಲಿ ಕಂಬ ಹಾವಿನಂತೆ ಎರಡು ಮೂರು ಸಲ ಬಾಗಿದ್ದರೆ ಮೋಟರ್ ಅಥವಾ ಎಂಜಿನ್ನಿನ ಕಂಪನ ಕಾರಣ. ಮೊದಲನೆಯದನ್ನು ಸಾಫ್ಟ್‌ವೇರ್ ಚೆನ್ನಾಗಿ ಸರಿಪಡಿಸುತ್ತದೆ. ಎರಡನೆಯದಕ್ಕೆ ಬಹುಪಾಲು ಸ್ಕ್ರೂಡ್ರೈವರೇ ಮದ್ದು.

ರೀಡ್‌ಔಟ್ ಸಮಯ ಎಷ್ಟೆಂದು ಕೆಲವು ಸಾಫ್ಟ್‌ವೇರ್‌ಗಳು ಕೇಳುತ್ತವೆ. ಅದನ್ನು ಅಳೆಯುವುದು ಹೇಗೆ?

ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಲು ಸೆನ್ಸರ್‌ಗೆ ಬೇಕಾಗುವ ಸಮಯವೇ ಇದು. ಸರಿಪಡಿಸುವಿಕೆ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ. ಇದನ್ನು ಮನೆಯಲ್ಲೇ ಅಳೆಯಬಹುದು.

ಅಂದಾಜಿಗೆ ಮಿಣುಕುವ ಅಗ್ಗದ ಎಲ್‌ಇಡಿ ಬಲ್ಬ್ ಸಾಕು. ನಮ್ಮ ಮನೆಯ ಕರೆಂಟ್ 50 ಹರ್ಟ್ಜ್, ಅದರಿಂದ ಉರಿಯುವ ಇಂಥ ಬಲ್ಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಬಲ್ಬಿನ ಬೆಳಕು ಬಿದ್ದ ಬಿಳಿ ಗೋಡೆಯನ್ನು 1/2000 ಶಟರ್‌ನಲ್ಲಿ ಚಿತ್ರಿಸಿದರೆ ಅಡ್ಡ ಪಟ್ಟಿಗಳು ಕಾಣುತ್ತವೆ. ಒಂದು ಬೆಳಕಿನ ಪಟ್ಟಿಯಿಂದ ಮುಂದಿನ ಬೆಳಕಿನ ಪಟ್ಟಿಗೆ 10 ಮಿಲಿಸೆಕೆಂಡ್. ಫ್ರೇಮಿನ ಎತ್ತರದಲ್ಲಿ ಎರಡು ಜೋಡಿ ಹಿಡಿಸಿದರೆ ರೀಡ್‌ಔಟ್ ಸುಮಾರು 20 ಮಿಲಿಸೆಕೆಂಡ್. ಒಳ್ಳೆಯ ಡ್ರೈವರ್ ಇರುವ ಬಲ್ಬ್‌ಗಳು ಮಿಣುಕುವುದಿಲ್ಲ, ಪಟ್ಟಿ ಕಾಣದಿದ್ದರೆ ಬಲ್ಬ್ ಬದಲಿಸಿ ನೋಡಿ.

ನಿಖರವಾಗಿ ಬೇಕಿದ್ದರೆ ಆರ್ಡುಯಿನೋ ಬೋರ್ಡ್, ಒಂದು ಎಲ್‌ಇಡಿ, 220 ಓಮ್ ರೆಸಿಸ್ಟರ್ ಸಾಕು. 9ನೇ ಪಿನ್‌ಗೆ ಎಲ್‌ಇಡಿ ಜೋಡಿಸಿ ಇಷ್ಟು ಬರೆಯಿರಿ:

```
void setup() {
  tone(9, 500);
}
void loop() {}
```

ಎಲ್‌ಇಡಿ ಈಗ ಸೆಕೆಂಡಿಗೆ 500 ಸಲ, ಅಂದರೆ 2 ಮಿಲಿಸೆಕೆಂಡಿಗೊಮ್ಮೆ ಮಿಣುಕುತ್ತದೆ. ಕತ್ತಲ ಕೋಣೆಯಲ್ಲಿ ಲೆನ್ಸ್ ಮುಂದೆ ಟ್ರೇಸಿಂಗ್ ಪೇಪರ್ ಹಿಡಿದು, ಅದರ ಹಿಂದಿನಿಂದ ಎಲ್‌ಇಡಿಯನ್ನು ತೀರ ಹತ್ತಿರ ಇಡಿ. ಬೆಳಕು ಇಡೀ ಫ್ರೇಮ್ ತುಂಬಬೇಕು. ಶಟರ್ ಆದಷ್ಟು ವೇಗವಾಗಿರಲಿ, ಐಎಸ್‌ಒ ಏರಿಸಿಕೊಳ್ಳಿ. ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು, ಒಂದು ಬೆಳಕಿನ ಪಟ್ಟಿಯಿಂದ ಮುಂದಕ್ಕೆ ಹತ್ತನೆಯ ಪಟ್ಟಿಯವರೆಗೆ ಎಷ್ಟು ಪಿಕ್ಸೆಲ್ ಎಂದು ಅಳೆಯಿರಿ. ಉದಾಹರಣೆಗೆ 2057 ಬಂತೆನ್ನಿ. 2057 ಸಾಲುಗಳಿಗೆ 20 ಮಿಲಿಸೆಕೆಂಡ್ ಆದರೆ 2160 ಸಾಲುಗಳಿಗೆ 21 ಮಿಲಿಸೆಕೆಂಡ್.

ಈ 21 ಆ ಮೋಡ್‌ಗೆ ಮಾತ್ರ ಸಲ್ಲುತ್ತದೆ. ರೆಸಲ್ಯೂಷನ್, ಫ್ರೇಮ್ ರೇಟ್, ಲೆನ್ಸ್, ಕ್ರಾಪ್ ಯಾವುದು ಬದಲಾದರೂ ಮತ್ತೆ ಅಳೆಯಬೇಕು. ಒಂದೇ ಫೋನಿನ ಅಲ್ಟ್ರಾವೈಡ್ ಮತ್ತು ಮುಖ್ಯ ಕ್ಯಾಮೆರಾಗಳಲ್ಲಿ ಇರುವುದು ಬೇರೆ ಬೇರೆ ಸೆನ್ಸರ್ ಎಂಬುದು ನೆನಪಿರಲಿ.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಿಲಿಸೆಕೆಂಡ್ ಕೇಳುವುದಿಲ್ಲ, ಶೇಕಡಾ ಕೇಳುತ್ತದೆ. ಏನು ಹಾಕಬೇಕು?

`Rolling Shutter Repair` ಎಫೆಕ್ಟ್‌ನ `Rolling Shutter Rate` ಎಂದರೆ ಒಂದು ಫ್ರೇಮಿನ ಅವಧಿಯಲ್ಲಿ ಓದಲು ಹಿಡಿದ ಪಾಲು. 30 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮಿಗೆ 33.3 ಮಿಲಿಸೆಕೆಂಡ್, 25ರಲ್ಲಿ 40, 60ರಲ್ಲಿ 16.7. ನಮ್ಮ ಉದಾಹರಣೆಯಲ್ಲಿ 21 ಅನ್ನು 33.3ರಿಂದ ಭಾಗಿಸಿದರೆ 0.63, ಅಂದರೆ ಶೇಕಡಾ 63. ಎಫೆಕ್ಟ್ ತಾನಾಗಿ ಕೊಡುವ 50 ಅನ್ನು ಅಳಿಸಿ 63 ಹಾಕಿ.

ಮೊದಲು ಈ ಎಫೆಕ್ಟ್, ಆಮೇಲೆ ಸ್ಟೆಬಿಲೈಸೇಷನ್. ಕ್ರಮ ತಿರುಗುಮುರುಗಾಗಬಾರದು. ಸ್ಟೆಬಿಲೈಸ್ ಆದ ಚಿತ್ರದಲ್ಲಿ ಸಾಲುಗಳು ಆಗಲೇ ತಿರುಗಿ, ಸರಿದು, ಝೂಮ್ ಆಗಿರುತ್ತವೆ. ಯಾವ ಸಾಲು ಯಾವ ಕ್ಷಣದ್ದು ಎಂಬ ಲೆಕ್ಕ ಅಲ್ಲಿಗೆ ಕೈತಪ್ಪಿರುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಸರಿಪಡಿಸಿದ ಲೇಯರನ್ನು `Pre-compose` ಮಾಡಿ ಅದರ ಮೇಲೆ `Warp Stabilizer` ಹಾಕಿ. ಪ್ರೀಮಿಯರ್‌ನಲ್ಲಾದರೆ `Nest` ಮಾಡಿ. `Warp Stabilizer`ನ ಒಳಗಿನ `Rolling Shutter Ripple` ಅನ್ನು `Automatic Reduction`ನಲ್ಲೇ ಬಿಡಿ. `Enhanced Reduction` ಇರುವುದು ಅಲೆ ತುಂಬಾ ದೊಡ್ಡದಿದ್ದಾಗ, ಮೊದಲಿನ ಎಫೆಕ್ಟ್ ಬಳಸದೆ ಪ್ರಯತ್ನಿಸಲು.

ಫೋನನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೋ ಆದರೆ `Scan Direction` ಗಮನಿಸಿ. ಸೆನ್ಸರ್ ಅಡ್ಡಲಾಗಿ ಮಲಗಿರುವುದರಿಂದ ಓದು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ನಡೆದಿರುತ್ತದೆ. ಇಂಥ ವಿಡಿಯೋದಲ್ಲಿ ಪಕ್ಕಕ್ಕೆ ಪ್ಯಾನ್ ಮಾಡಿದರೆ ಕಂಬ ವಾಲುವುದಿಲ್ಲ, ಮನೆಗಳು ಅಗಲ ಅಥವಾ ಕಿರಿದಾಗುತ್ತವೆ.

ಹಾಕಿದ ಸಂಖ್ಯೆ ಸರಿಯೋ ತಪ್ಪೋ ಎಂದು ಕಣ್ಣಳತೆಯಲ್ಲಿ ತಿಳಿಯಬಹುದೇ?

ತಿಳಿಯಬಹುದು. ಕ್ಯಾಮೆರಾ ಬಲಕ್ಕೆ ವೇಗವಾಗಿ ಪ್ಯಾನ್ ಆಗುತ್ತಿರುವ ಜಾಗ ಹುಡುಕಿ. ಚಿತ್ರದಲ್ಲಿ ವಸ್ತುಗಳು ಎಡಕ್ಕೆ ಸರಿಯುತ್ತಿರುತ್ತವೆ. ಕೆಳಗಿನ ಸಾಲು ತಡವಾಗಿ ಓದಿದ್ದರಿಂದ ಕಂಬದ ಬುಡ ಎಡಕ್ಕೆ ಹೋಗಿರುತ್ತದೆ, ತುದಿ ಬಲಕ್ಕೆ ವಾಲಿರುತ್ತದೆ. ಸರಿಪಡಿಸಿದ ಮೇಲೂ ತುದಿ ಬಲಕ್ಕೇ ವಾಲಿದ್ದರೆ ಸಂಖ್ಯೆ ಸಾಲದು. ಎಡಕ್ಕೆ ವಾಲಿದರೆ ಹೆಚ್ಚಾಗಿದೆ. ವಾಲಿಕೆ ಮೊದಲಿನ ಎರಡರಷ್ಟಾದರೆ ಓದುವ ದಿಕ್ಕು ತಲೆಕೆಳಗಾಗಿದೆ. ಡ್ರೋನ್ ಅಥವಾ ಆ್ಯಕ್ಷನ್ ಕ್ಯಾಮೆರಾವನ್ನು ಬುಡಮೇಲು ಕಟ್ಟಿದಾಗ ಹೀಗಾಗುವುದು ಸಾಮಾನ್ಯ.

ನಿಧಾನದ ಶಾಟ್ ನೋಡಿ ತೀರ್ಮಾನಿಸಬೇಡಿ, ಅಲ್ಲಿ ಯಾವ ಸಂಖ್ಯೆ ಹಾಕಿದರೂ ಸರಿಯಾಗೇ ಕಾಣುತ್ತದೆ.

ಜೈರೋಫ್ಲೋ ಇದಕ್ಕಿಂತ ಒಳ್ಳೆಯದೇ?

ಕ್ಯಾಮೆರಾ ತಿರುಗಿದ್ದನ್ನು ಅಳೆಯುವ ಜೈರೋ ಸೆನ್ಸರಿನ ದಾಖಲೆ ನಿಮ್ಮ ಬಳಿ ಇದ್ದರೆ ಹೌದು. ಮೇಲಿನ ಎಫೆಕ್ಟ್‌ಗಳು ಚಿತ್ರ ನೋಡಿ ಚಲನೆಯನ್ನು ಊಹಿಸುತ್ತವೆ. ಜೈರೋಫ್ಲೋ ಎಂಬ ಸ್ಟೆಬಿಲೈಸೇಷನ್ ಸಾಫ್ಟ್‌ವೇರ್ ಊಹಿಸುವುದಿಲ್ಲ. ಪ್ರತಿ ಸಾಲು ಓದಿದ ಕ್ಷಣದಲ್ಲಿ ಕ್ಯಾಮೆರಾ ಯಾವ ಕೋನದಲ್ಲಿತ್ತು ಎಂಬುದನ್ನು ಜೈರೋ ದಾಖಲೆಯಿಂದ ತೆಗೆದುಕೊಳ್ಳುತ್ತದೆ. ನೀರು, ಮಂಜು, ಬರೀ ಆಕಾಶ ಇರುವ ಶಾಟ್‌ಗಳಲ್ಲಿ ಊಹೆ ಎಡವುತ್ತದೆ, ಜೈರೋಗೆ ಅದರ ಗೊಡವೆ ಇಲ್ಲ. ಸಾಫ್ಟ್‌ವೇರ್ ಉಚಿತ, ಓಪನ್ ಸೋರ್ಸ್.

ಚಿತ್ರೀಕರಿಸುವಾಗಲೇ ಕ್ಯಾಮೆರಾದೊಳಗಿನ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್ ಆಫ್ ಮಾಡಿರಬೇಕು. ಗೋಪ್ರೋದಲ್ಲಿ ಹೈಪರ್‌ಸ್ಮೂತ್, ಡಿಜೆಐ ಆ್ಯಕ್ಷನ್‌ನಲ್ಲಿ ರಾಕ್‌ಸ್ಟೆಡಿ. ಅದು ಆನ್ ಇದ್ದರೆ ಚಿತ್ರ ಆಗಲೇ ಬಗ್ಗಿರುತ್ತದೆ, ಜೈರೋ ದಾಖಲೆಗೂ ಚಿತ್ರಕ್ಕೂ ತಾಳಮೇಳ ಇರುವುದಿಲ್ಲ.

ಮೂಲ ಫೈಲನ್ನೇ ತೆರೆಯಿರಿ. ಟ್ರಿಮ್ ಮಾಡಿದ, ಫ್ರೇಮ್ ರೇಟ್ ಬದಲಿಸಿದ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೈಲ್‌ಗಳಲ್ಲಿ ಜೈರೋ ದಾಖಲೆ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಲೆನ್ಸ್ ಪ್ರೊಫೈಲ್ ಆರಿಸಿ, `Auto sync` ಒತ್ತಿ, ರೋಲಿಂಗ್ ಶಟರ್ ಸರಿಪಡಿಕೆಯನ್ನು ಆನ್ ಮಾಡಿ `Frame readout time`ನಲ್ಲಿ 21 ಹಾಕಿ. ಕೆಲವು ಕ್ಯಾಮೆರಾಗಳಿಗೆ ಈ ಸಂಖ್ಯೆ ತಾನಾಗಿಯೇ ತುಂಬಿಕೊಳ್ಳುತ್ತದೆ, ಅದನ್ನು ಹಾಗೆಯೇ ಬಿಡಿ.

ಫಲಿತಾಂಶ ಸರಿಯಿಲ್ಲದಿದ್ದರೆ ಯಾವುದು ತಪ್ಪಿದೆ ಎಂಬುದನ್ನು ಕುಲುಕಾಟದ ರೂಪವೇ ಹೇಳುತ್ತದೆ. ಚಿತ್ರದ ನಡುಭಾಗ ಗಟ್ಟಿಯಾಗಿ ನಿಂತು ಅಂಚುಗಳು ಮಾತ್ರ ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತಿದ್ದರೆ ಲೆನ್ಸ್ ಪ್ರೊಫೈಲ್ ತಪ್ಪು. ವೇಗದ ತಿರುವಿನಲ್ಲಿ ಇಡೀ ಚಿತ್ರ ಒಮ್ಮೆ ಎಗರಿದರೆ ಸಿಂಕ್ ತಪ್ಪು. ಕ್ಲಿಪ್ಪಿನಲ್ಲಿ ಚೆನ್ನಾಗಿ ಚಲನೆ ಇರುವ ಇನ್ನೊಂದು ಜಾಗದಲ್ಲಿ ಸಿಂಕ್ ಪಾಯಿಂಟ್ ಸೇರಿಸಿ. ಚಿತ್ರ ಎಗರದೆ ಕಂಬ ಮಾತ್ರ ವಾಲುತ್ತಿದ್ದರೆ ರೀಡ್‌ಔಟ್ ಸಂಖ್ಯೆ ತಪ್ಪು. ಮೂರನ್ನೂ ಒಟ್ಟಿಗೆ ತಿದ್ದಲು ಹೋದರೆ ಯಾವುದರಿಂದ ಏನಾಯಿತೆಂದು ತಿಳಿಯದು.

`Low pass filter` ಮೊದಲು ಆಫ್ ಇರಲಿ. ಮೂಲದಲ್ಲಿ ಇಲ್ಲದ ಸಣ್ಣ ನಡುಕ ಹೊಸದಾಗಿ ಹುಟ್ಟಿದರೆ ಮಾತ್ರ ಆನ್ ಮಾಡಿ. ಕಂಪನದ ದಾಖಲೆಯನ್ನೇ ಸೋಸಿ ಹಾಕಿದರೆ ಆ ಕಂಪನವನ್ನು ಸರಿಪಡಿಸುವ ಮಾಹಿತಿಯೂ ಅದರ ಜೊತೆ ಹೋಗುತ್ತದೆ.

ಡ್ರೋನ್ ವಿಡಿಯೋದಲ್ಲಿ ಒಂದೇ ಫ್ರೇಮಿನಲ್ಲಿ ಹಲವು ಅಲೆಗಳಿವೆ. ಯಾವ ಸಾಫ್ಟ್‌ವೇರಿಗೂ ಬಗ್ಗುತ್ತಿಲ್ಲ.

ಅಲೆಗಳನ್ನು ಎಣಿಸಿ. ಅಲೆಗಳ ಸಂಖ್ಯೆಯನ್ನು ರೀಡ್‌ಔಟ್ ಸಮಯದಿಂದ ಭಾಗಿಸಿದರೆ ಕಂಪನದ ವೇಗ ಸಿಗುತ್ತದೆ. ಫ್ರೇಮಿನ ಎತ್ತರದಲ್ಲಿ 1.9 ಅಲೆ, ರೀಡ್‌ಔಟ್ 0.021 ಸೆಕೆಂಡ್ ಆದರೆ ಸುಮಾರು 90 ಹರ್ಟ್ಜ್. ಅದನ್ನು 60ರಿಂದ ಗುಣಿಸಿದರೆ ನಿಮಿಷಕ್ಕೆ 5400 ಸುತ್ತು. ಮಧ್ಯಮ ಗಾತ್ರದ ಮಡಚುವ ಡ್ರೋನ್ ಗಾಳಿಯಲ್ಲಿ ನಿಂತಿರುವಾಗ ಮೋಟರ್ ತಿರುಗುವ ವೇಗ ಇದರ ಆಸುಪಾಸಿನಲ್ಲೇ ಇರುತ್ತದೆ. ಸುತ್ತಿಗೊಂದು ಕಂಪನ ಎಂದರೆ ಯಾವುದೋ ಒಂದು ರೆಕ್ಕೆಯ ತೂಕ ಸಮವಿಲ್ಲ, ಅಥವಾ ಮೋಟರಿನ ಶಾಫ್ಟ್ ಬಗ್ಗಿದೆ.

ಇಷ್ಟು ವೇಗದ ಕಂಪನವನ್ನು ಜೈರೋದಿಂದ ತಿದ್ದುವುದು ಕಷ್ಟ. ಸೆಕೆಂಡಿಗೆ 200 ಸಲ ಅಳೆಯುವ ಜೈರೋ ಹೆಚ್ಚೆಂದರೆ 100 ಹರ್ಟ್ಜ್‌ವರೆಗಿನ ಕಂಪನವನ್ನು ಹಿಡಿಯಬಲ್ಲದು, ಆ ಗಡಿಯ ಬಳಿ ಅದರ ಮಾತನ್ನು ನೆಚ್ಚುವಂತಿಲ್ಲ. ಅದರಾಚೆಯ ಕಂಪನ ದಾಖಲೆಯಲ್ಲಿ ಸುಳ್ಳು ವೇಗವಾಗಿ ಕಾಣಿಸಿಕೊಂಡು, ತಿದ್ದಲು ಹೋದರೆ ಚಿತ್ರ ಇನ್ನಷ್ಟು ಕೆಡುತ್ತದೆ.

ಹಾಗಾಗಿ ಡ್ರೋನನ್ನೇ ನೋಡಬೇಕು. ಬ್ಯಾಟರಿ ತೆಗೆದು ರೆಕ್ಕೆಗಳ ಅಂಚಿನ ಮೇಲೆ ಉಗುರು ಸವರಿ. ಉಗುರಿಗೆ ಸಿಗುವಷ್ಟು ಕಚ್ಚು ಇದ್ದರೂ ಆ ರೆಕ್ಕೆ ಬದಲಿಸಿ, ಒಂದೇ ಮೋಟರಿನ ಎರಡೂ ರೆಕ್ಕೆಗಳನ್ನು ಜೋಡಿಯಾಗಿಯೇ ಹಾಕಿ. ಒಂದು ಸಲಕ್ಕೆ ಒಂದೇ ಮೋಟರಿನದ್ದನ್ನು ಬದಲಿಸಿ, ಅರ್ಧ ನಿಮಿಷ ನಿಂತಲ್ಲೇ ಹಾರಿಸಿ ಅದೇ ಕಟ್ಟಡದ ಅಂಚನ್ನು ಚಿತ್ರಿಸಿ ಹೋಲಿಸಿ. ತಪ್ಪು ಯಾವ ಮೂಲೆಯಲ್ಲಿದೆ ಎಂದು ಹೀಗೆ ಗೊತ್ತಾಗುತ್ತದೆ. ಆಮೇಲೆ ಗಿಂಬಲ್ ತೂಗುವ ರಬ್ಬರ್ ಡ್ಯಾಂಪರ್‌ಗಳು: ಒಂದು ಕಳಚಿಕೊಂಡಿದ್ದರೂ, ಹರಿದಿದ್ದರೂ ಗಿಂಬಲ್ ಒಂದು ಕಡೆ ತಾಗಿ ಕಂಪನ ನೇರವಾಗಿ ಲೆನ್ಸ್‌ಗೆ ಹೋಗುತ್ತದೆ. ಕ್ಯಾಮೆರಾ ಮೇಲೆ ದಪ್ಪ ಫಿಲ್ಟರ್ ಹಾಕಿ ತೂಕ ಮುಂದಕ್ಕೆ ವಾಲಿದ್ದರೂ ಗಿಂಬಲ್ ಹೆಣಗುತ್ತದೆ.

ಎನ್‌ಡಿ ಫಿಲ್ಟರ್ ಹಾಕಿದರೆ ಜೆಲ್ಲಿ ಹೋಗುತ್ತದೆ ಎನ್ನುತ್ತಾರೆ. ನಿಜವೇ?

ಮೋಟರ್ ಕಂಪನದ ಅಲೆಗಳ ಮಟ್ಟಿಗೆ ನಿಜ. ಬೆಳಕು ತಗ್ಗಿಸುವ ಈ ಕಪ್ಪು ಗಾಜು ಹಾಕಿದರೆ ಶಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು. 1/1000 ಶಟರ್‌ನಲ್ಲಿ ಪ್ರತಿ ಸಾಲೂ ಕಂಪನದ ಒಂದು ಬಿಂದುವನ್ನು ಚೂಪಾಗಿ ಹಿಡಿಯುತ್ತದೆ, ಅಲೆ ಸ್ಪಷ್ಟವಾಗಿ ಮೂಡುತ್ತದೆ. ಶಟರ್ ಒಂದು ಪೂರ್ತಿ ಕಂಪನದಷ್ಟು ಹೊತ್ತು ತೆರೆದಿದ್ದರೆ ಆ ಸಾಲು ಹಿಂದೆ ಮುಂದೆ ಎರಡನ್ನೂ ಕಂಡು ಸರಾಸರಿಯಾಗುತ್ತದೆ. 90 ಹರ್ಟ್ಜ್ ಕಂಪನಕ್ಕೆ ಅದು ಸುಮಾರು 1/90 ಸೆಕೆಂಡ್. 30 ಫ್ರೇಮಿನಲ್ಲಿ ಎಲ್ಲರೂ ಹೇಳುವ 1/60 ಶಟರ್ ಅದಕ್ಕಿಂತಲೂ ಉದ್ದ, ಅಲೆಯ ಬಹುಪಾಲು ಮಾಯವಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ 1/1000 ಇದ್ದುದನ್ನು 1/60ಕ್ಕೆ ಇಳಿಸಲು ಎನ್‌ಡಿ16 ಬೇಕು. ಬೆಲೆಯೇನೆಂದರೆ, ಕಂಪನ ಹೋಗುವುದಿಲ್ಲ, ತುಸು ಮಸುಕಾಗಿ ಬದಲಾಗುತ್ತದೆ.

ಆದರೆ ಕೈಯಲ್ಲಿ ಹಿಡಿದ ಫೋನಿಗೆ ಇದೇ ಸಲಹೆ ತಿರುಗೇಟು. ಕೈಯ ಅಲುಗಾಟ ನಿಧಾನದ್ದು, 1/60 ಅದನ್ನು ಸರಾಸರಿ ಮಾಡಲಾರದು, ಬರೀ ಮಸುಕು ಸೇರಿಸುತ್ತದೆ. ಸ್ಟೆಬಿಲೈಸ್ ಮಾಡಿದ ಮೇಲೆ ನಿಂತ ಚಿತ್ರ ಆಗಾಗ ಮಸುಕಾಗಿ ಮಿಡಿಯುತ್ತದೆ. ಜೈರೋಫ್ಲೋಗೆ ಎಂದೇ ತೆಗೆಯುವಾಗ 1/200 ಅಥವಾ ಅದಕ್ಕಿಂತ ವೇಗದ ಶಟರ್ ಇಡಿ.

ಫೋನ್ ವಿಡಿಯೋಗೂ ಜೈರೋ ಬಳಸಬಹುದೇ?

ಆಂಡ್ರಾಯ್ಡ್‌ನಲ್ಲಿ ವಿಡಿಯೋ ಜೊತೆ ಜೈರೋ ದಾಖಲಿಸುವ ಆ್ಯಪ್‌ಗಳಿವೆ. ತೊಡಕು ಬೇರೆಡೆ ಇದೆ. ಆಪ್ಟಿಕಲ್ ಸ್ಟೆಬಿಲೈಸೇಷನ್ ಇರುವ ಫೋನಿನಲ್ಲಿ ಲೆನ್ಸ್ ತಾನೇ ಸರಿಯುತ್ತಿರುತ್ತದೆ. ಜೈರೋ ಹೇಳುವುದು ಫೋನಿನ ಚಲನೆ, ಚಿತ್ರದಲ್ಲಿರುವುದು ಲೆನ್ಸ್ ಆಗಲೇ ಅರ್ಧ ರದ್ದು ಮಾಡಿದ ಚಲನೆ. ಪೂರ್ತಿ ತಿದ್ದಲು ಹೋದರೆ ಉಲ್ಟಾ ಕುಲುಕಾಟ ಹುಟ್ಟುತ್ತದೆ. ಆ್ಯಪ್‌ನಲ್ಲಿ ಅದನ್ನು ಆಫ್ ಮಾಡಲು ಬಂದರೆ ಮಾಡಿ. ಬಾರದಿದ್ದರೆ ಆ ಸೌಲಭ್ಯವಿಲ್ಲದ ಅಲ್ಟ್ರಾವೈಡ್ ಲೆನ್ಸ್ ಬಳಸಿ, ಅದೂ ಆಗದಿದ್ದರೆ ಜೈರೋ ಬಿಟ್ಟು ಚಿತ್ರ ನೋಡಿ ತಿದ್ದುವ ಎಫೆಕ್ಟ್‌ಗಳಿಗೆ ಮರಳಿ.

ಬೈಕ್ ಹ್ಯಾಂಡಲ್‌ಗೆ ಫೋನ್ ಕಟ್ಟಿ ತೆಗೆದ ವಿಡಿಯೋಗಳಲ್ಲಿ ಕಾಣುವ ಕುಲುಕಾಟ ಇದೇ ಲೆನ್ಸ್‌ನದ್ದೂ ಇರಬಹುದು, ಎಂಜಿನ್ ಕಂಪನಕ್ಕೆ ಅದು ತನ್ನ ಜಾಗದಲ್ಲೇ ಒದರಾಡುತ್ತದೆ. ಇದು ವಿಡಿಯೋದ ವಿಷಯವಷ್ಟೇ ಅಲ್ಲ: ಬೈಕ್ ಎಂಜಿನ್ನಿನ ಜೋರು ಕಂಪನಕ್ಕೆ ಒಡ್ಡಿದರೆ ಐಫೋನ್ ಕ್ಯಾಮೆರಾದ ಆಪ್ಟಿಕಲ್ ಸ್ಟೆಬಿಲೈಸೇಷನ್ ಮತ್ತು ಆಟೋಫೋಕಸ್ ಹದಗೆಡಬಹುದು ಎಂದು ಆಪಲ್ 2021ರಲ್ಲೇ ಎಚ್ಚರಿಸಿದೆ. ಬೈಕಿಗೆ ಆ್ಯಕ್ಷನ್ ಕ್ಯಾಮೆರಾ ವಾಸಿ.

ಎಫ್‌ಎಫ್‌ಎಂಪೆಗ್‌ನ `vidstab` ಸಾಕಾಗುವುದಿಲ್ಲವೇ?

ಅಲುಗಾಟಕ್ಕೆ ಸಾಕು, ಜೆಲ್ಲಿಗೆ ಸಾಲದು. ಅದು ಇಡೀ ಫ್ರೇಮನ್ನು ಸರಿಸುತ್ತದೆ, ತಿರುಗಿಸುತ್ತದೆ, ಝೂಮ್ ಮಾಡುತ್ತದೆ. ಸಾಲು ಸಾಲಾಗಿ ತಿದ್ದುವುದಿಲ್ಲ.

60 ಫ್ರೇಮಿನಲ್ಲಿ ತೆಗೆದರೆ ತೊಂದರೆ ಕಡಿಮೆಯಾಗುತ್ತದೆಯೇ?

ಸಾಮಾನ್ಯವಾಗಿ ಹೌದು. ಮುಂದಿನ ಫ್ರೇಮ್ ಶುರುವಾಗುವುದರೊಳಗೆ ಈ ಫ್ರೇಮ್ ಓದಿ ಮುಗಿಯಬೇಕಾದ್ದರಿಂದ 60ರಲ್ಲಿ ರೀಡ್‌ಔಟ್ 16.7 ಮಿಲಿಸೆಕೆಂಡ್ ಮೀರಲಾರದು. 30ರಲ್ಲಿ 21 ಇದ್ದ ಕ್ಯಾಮೆರಾ 60ಕ್ಕೆ ಹೋಗಬೇಕಾದರೆ ಬೇಗ ಓದಲೇಬೇಕು. ಆದರೆ 30ರಲ್ಲೂ 60ರಲ್ಲೂ ಒಂದೇ ವೇಗದಲ್ಲಿ ಓದುವ ಸೆನ್ಸರ್‌ಗಳಿವೆ, ಅಲ್ಲಿ ಏನೂ ಲಾಭವಿಲ್ಲ. ಎರಡೂ ಮೋಡ್ ಅಳೆದು ನೋಡಿ.

ಏನು ಮಾಡಿದರೂ ಸರಿಹೋಗದಂಥವು ಯಾವುವು?

ಚಲಿಸುವ ಬಸ್ಸು, ರೈಲಿನ ಕಿಟಕಿಯಿಂದ ತೆಗೆದದ್ದು. ಹತ್ತಿರದ ಕಂಬ ಓರೆಯಾಗಿರುತ್ತದೆ, ಹಿಂದಿನ ಗುಡ್ಡ ನೆಟ್ಟಗಿರುತ್ತದೆ. ಇಲ್ಲಿ ಕ್ಯಾಮೆರಾ ತಿರುಗಿಲ್ಲ, ಜಾಗ ಬದಲಿಸಿದೆ. ಹಾಗಾಗಿ ಜೈರೋಗೆ ಹೇಳಲು ಏನೂ ಇಲ್ಲ. `Rolling Shutter Repair`ನ `Pixel Motion` ವಿಧಾನ ಒಂದೊಂದು ವಸ್ತುವನ್ನೂ ಬೇರೆಯಾಗಿ ತಿದ್ದಲು ಯತ್ನಿಸುತ್ತದೆ. ಕಂಬ ನೆಟ್ಟಗಾಗಬಹುದು, ಕಂಬದ ಅಂಚಿನ ಹಿನ್ನೆಲೆ ಕಲಸಿಹೋಗುವುದೂ ಉಂಟು.

ಚೌಕಟ್ಟಿನೊಳಗೆ ಬಂದ ಡ್ರೋನಿನದೇ ರೆಕ್ಕೆ ಕತ್ತಿಯಂತೆ ಬಾಗಿ ಕಂಡರೆ ಅದನ್ನು ನೇರ ಮಾಡುವ ದಾರಿಯಿಲ್ಲ, ಕ್ರಾಪ್ ಮಾಡಿ. ಮಿಂಚು ಅಥವಾ ಫ್ಲ್ಯಾಶ್ ಫ್ರೇಮಿನ ಅರ್ಧಕ್ಕೆ ಮಾತ್ರ ಬಿದ್ದಿದ್ದರೆ ಆ ಫ್ರೇಮನ್ನೇ ತೆಗೆದು ಹಾಕುವುದು ಮೇಲು.